ಸ್ಟ್ರಾಬೆರಿಯ ಬೂಷ್ಟು ಫ್ರಿಜ್ಜಿನಲ್ಲಿ ಹುಟ್ಟುವುದಿಲ್ಲ

ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ, ಅಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ, ಡಿಸೆಂಬರಿನಿಂದ ಮಾರ್ಚಿಯವರೆಗೆ ಹಣ್ಣಿನ ಅಂಗಡಿಗಳಲ್ಲೂ ತಳ್ಳುಗಾಡಿಗಳಲ್ಲೂ ಸ್ಟ್ರಾಬೆರಿಯ ಚಿಕ್ಕ ಡಬ್ಬಿಗಳು ಕಾಣಿಸುತ್ತವೆ. ಇವುಗಳಲ್ಲಿ ಬಹುಪಾಲು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಹಾಬಳೇಶ್ವರದ ಕಡೆಯಿಂದ ಬಂದವು. ಹಾಗೆಂದು ಈ ಹಣ್ಣು ನಮಗೆ ಹೊಸದೇನಲ್ಲ. ಭಾರತದ ಸ್ಟ್ರಾಬೆರಿ ತಳಿಗಳ ಹಳೆಯ ಪಟ್ಟಿಗಳಲ್ಲಿ 'ಬೆಂಗಳೂರು' ಎಂಬ ಹೆಸರಿನ ತಳಿಯೇ ಇದೆ. ಈಗ ಕೆಂಗೇರಿಯಾಚೆ, ಮಾಗಡಿ ರಸ್ತೆಯಾಚೆ ತುಂಡು ಭೂಮಿ ಇರುವ ಕೆಲವರು ಹತ್ತಿಪ್ಪತ್ತು ಗುಂಟೆಯಲ್ಲಿ ಈ ಬೆಳೆಯನ್ನು ಮಾಡಿ ನೋಡಬೇಕೆಂದು ನನ್ನನ್ನು ವಿಚಾರಿಸುತ್ತಾರೆ. ಅವರಿಗೂ, ಹಣ್ಣು ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವವರಿಗೂ ಒಂದೇ ಮಾತನ್ನು ಹೇಳಬೇಕಾಗಿದೆ.

ಹಣ್ಣು ಮನೆಗೆ ಹೋದ ಮೂರನೆಯ ದಿನ ಬೂಷ್ಟು ಹಿಡಿದರೆ ಬೆಳೆದವರು "ಅವರ ಫ್ರಿಜ್ ಸರಿಯಿಲ್ಲ, ಇಡುವುದು ಗೊತ್ತಿಲ್ಲ" ಎನ್ನುತ್ತಾರೆ. ಕೊಂಡವರು "ಹಳೆಯ ಹಣ್ಣು ಕೊಟ್ಟಿದ್ದಾರೆ" ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಬ್ಬರದೂ ಅರ್ಧ ಸತ್ಯ. ಬೂಷ್ಟು ಹೊಲದಿಂದಲೇ ಹಣ್ಣಿನ ಜೊತೆ ಬರುತ್ತದೆ. ಫ್ರಿಜ್ ಅದನ್ನು ನಿಧಾನ ಮಾಡುತ್ತದೆಯೇ ಹೊರತು ಕೊಲ್ಲುವುದಿಲ್ಲ. ಆದುದರಿಂದ ಹಣ್ಣನ್ನು ಒಣಗಿದ ಸ್ಥಿತಿಯಲ್ಲಿ ಬೇಗ ತಂಪಿಗೆ ಸೇರಿಸುವುದು ಬೆಳೆದವರ ಕೆಲಸ, ತೊಳೆಯುವುದು ತಿನ್ನುವವರ ಕೆಲಸ. ಈ ಎರಡು ಕೆಲಸಗಳು ಅದಲುಬದಲಾದಾಗಲೇ ಹಣ್ಣು ಹಾಳಾಗುವುದು.

ಬೂಷ್ಟಿನಲ್ಲಿ ಎರಡು ಬಗೆ

ಕೆಟ್ಟ ಡಬ್ಬಿಯನ್ನು ಎಸೆಯುವ ಮುನ್ನ ಒಮ್ಮೆ ಗಮನವಿಟ್ಟು ನೋಡಿರಿ. ಹಣ್ಣಿನ ಮೇಲೆ ಬೂದಿ ಬಣ್ಣದ, ಮಖಮಲ್ಲಿನಂತಹ ಪುಡಿ ಹೊದಿಕೆ ಇದ್ದು, ಒಳಗಿನ ಭಾಗ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೂ ರಸ ಸೋರದಿದ್ದರೆ ಅದು ಬೂದು ಬೂಷ್ಟು. ಇದಕ್ಕೆ ಕಾರಣವಾದ ಶಿಲೀಂಧ್ರದ ಹೆಸರು ಬೊಟ್ರೈಟಿಸ್. ಹಾಗಲ್ಲದೆ ಹಣ್ಣು ಕುಸಿದು, ಡಬ್ಬಿಯ ತಳದಲ್ಲಿ ಕೆಂಪು ರಸ ನಿಂತು, ಮೇಲೆ ಹತ್ತಿಯಂತಹ ಬಿಳಿ ಎಳೆಗಳೂ ಅವುಗಳ ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಚಿಕ್ಕ ಕಪ್ಪು ಚುಕ್ಕೆಗಳೂ ಕಂಡರೆ ಅದು ರೈಜೋಪಸ್ ಎಂಬ ಇನ್ನೊಂದು ಶಿಲೀಂಧ್ರ. ಹಳಸಿದ ಬ್ರೆಡ್ಡಿನ ಮೇಲೆ ನೀವು ನೋಡಿರುವ ಕಪ್ಪು ಬೂಷ್ಟು ಇದೇ ಜಾತಿಯದು.

ಇವೆರಡನ್ನೂ ಗುರುತಿಸುವುದರಿಂದ ತಪ್ಪು ಎಲ್ಲಿ ಆಯಿತು ಎಂದು ತಿಳಿಯುತ್ತದೆ. ರೈಜೋಪಸ್‌ಗೆ ಚಳಿ ಆಗದು. ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ಬೆಳವಣಿಗೆ ನಿಲ್ಲುತ್ತದೆ. ಆದ್ದರಿಂದ ರಸ ಸೋರಿದ ಡಬ್ಬಿ ಎಂದರೆ ಹಣ್ಣು ಎಲ್ಲೋ ಬಹಳ ಹೊತ್ತು ಬಿಸಿಯಲ್ಲಿ ಕುಳಿತಿತ್ತು, ಇಲ್ಲವೆ ಜಜ್ಜಿ ಗಾಯವಾಗಿತ್ತು ಎಂದು ಅರ್ಥ. ಬೂದು ಬೂಷ್ಟು ಹಾಗಲ್ಲ. ಅದು ಸೊನ್ನೆ ಡಿಗ್ರಿಯ ಹತ್ತಿರದಲ್ಲೂ ಮೆಲ್ಲಮೆಲ್ಲನೆ ಬೆಳೆಯಬಲ್ಲದು. ಅದಕ್ಕೆ ಗಾಯವೇ ಬೇಕೆಂದಿಲ್ಲ. ಗಿಡ ಹೂ ಬಿಟ್ಟಿರುವಾಗಲೇ ಒಣಗುತ್ತಿರುವ ಎಸಳುಗಳ ಮೂಲಕ ಒಳಹೊಕ್ಕು, ಕಾಯಿ ಹಸಿರಾಗಿರುವಷ್ಟು ಕಾಲ ಸುಮ್ಮನೆ ಅಡಗಿರುತ್ತದೆ. ಹಣ್ಣು ಕೆಂಪಗಾಗಿ ಸಿಹಿ ಕೂಡಿದಾಗ ಎದ್ದೇಳುತ್ತದೆ. ಕೊಯ್ಯುವಾಗ ನಿಮ್ಮ ಕಣ್ಣಿಗೆ ಚೊಕ್ಕವಾಗಿ ಕಂಡ ಹಣ್ಣು ನಾಲ್ಕನೆಯ ದಿನ ಫ್ರಿಜ್ಜಿನಲ್ಲಿ ಬೂದಿ ಬಣ್ಣಕ್ಕೆ ತಿರುಗುವುದು ಹೀಗೆ.

ಇನ್ನೊಂದು ವಿಷಯ. ಒಂದು ಹಣ್ಣಿನಲ್ಲಿ ಎದ್ದ ಬೂದು ಬೂಷ್ಟು ಪಕ್ಕದ ಹಣ್ಣಿಗೆ ಹಾರಿಯೇ ಹೋಗಬೇಕೆಂದಿಲ್ಲ. ತಗುಲಿಕೊಂಡಿರುವ ಜಾಗದಲ್ಲಿ ಎಳೆಗಳು ನೇರವಾಗಿ ದಾಟುತ್ತವೆ. 200 ಗ್ರಾಮಿನ ಡಬ್ಬಿಯಲ್ಲಿ ಮಧ್ಯಮ ಗಾತ್ರದ ಹಣ್ಣುಗಳು ಹದಿನೈದರ ಆಸುಪಾಸು ಇರುತ್ತವೆ. ನಡುವಿನ ಒಂದು ಹಣ್ಣು ಕೆಟ್ಟರೆ ಅದು ನಾಲ್ಕೈದಕ್ಕೆ ತಗುಲಿರುತ್ತದೆ. ಅವು ಕೆಟ್ಟರೆ ಡಬ್ಬಿಯೇ ಹೋಯಿತು. ಹಣ್ಣುಗಳನ್ನು ಒತ್ತಾಗಿ ಇಡಬಾರದು, ಕೆಟ್ಟದ್ದನ್ನು ಕಂಡ ಕೂಡಲೇ ತೆಗೆಯಬೇಕು ಎಂದು ಹೇಳುವುದಕ್ಕೆ ಕಾರಣ ಇಷ್ಟೇ.

ಕೊಯ್ಲು: ಇಬ್ಬನಿ ಆರಲಿ, ಬಿಸಿಲು ಏರದಿರಲಿ

ಸ್ಟ್ರಾಬೆರಿಯನ್ನು ತಂಪು ಹೊತ್ತಿನಲ್ಲಿ ಕೊಯ್ಯಬೇಕೆಂದು ಎಲ್ಲರೂ ಹೇಳುತ್ತಾರೆ. ಅದನ್ನು ನಂಬಿ ಕೆಲವರು ಬೆಳಗಿನ ಆರು ಗಂಟೆಗೇ ಬುಟ್ಟಿ ಹಿಡಿದು ಇಳಿಯುತ್ತಾರೆ. ನಮ್ಮ ಕಡೆ ಮಾಗಿಯ ಬೆಳಗಿನಲ್ಲಿ ಗಿಡದ ಮೇಲೆ ಇಬ್ಬನಿ ಚೆನ್ನಾಗಿಯೇ ಇರುತ್ತದೆ. ಹಸಿ ಹಣ್ಣನ್ನು ಕೊಯ್ದು ಮುಚ್ಚಿದ ಡಬ್ಬಿಗೆ ಹಾಕುವುದೆಂದರೆ ಬೂಷ್ಟಿಗೆ ಬೇಕಾದ ನೀರನ್ನು ನಾವೇ ಕಟ್ಟಿ ಕಳುಹಿಸಿದಂತೆ. ಹಾಗೆಂದು ಹನ್ನೊಂದು ಗಂಟೆಯವರೆಗೆ ಕಾದರೆ ಬಿಸಿಲಿಗೆ ಹಣ್ಣೇ ಬಿಸಿಯಾಗಿರುತ್ತದೆ. ಸರಿಯಾದ ಹೊತ್ತು ಇವೆರಡರ ನಡುವೆ ಇದೆ. ಅದನ್ನು ಗಡಿಯಾರದಿಂದಲ್ಲ, ಹಣ್ಣಿನ ಹಸಿರು ಟೊಪ್ಪಿಗೆಯಿಂದ ತಿಳಿಯಿರಿ. ಟೊಪ್ಪಿಗೆಯ ಎಲೆಗಳ ಅಡಿಗೆ ಬೆರಳು ತೂರಿಸಿ ನೋಡಿ. ಬೆರಳಿಗೆ ತೇವ ಅಂಟದಿದ್ದರೆ ಕೊಯ್ಲು ಪ್ರಾರಂಭಿಸಬಹುದು. ಹಣ್ಣಿನ ಮೈ ಬೇಗ ಆರುತ್ತದೆ, ಟೊಪ್ಪಿಗೆಯ ಅಡಿ ಕೊನೆಗೆ ಆರುತ್ತದೆ. ಮಳೆ ಬಂದ ದಿನ ಕೊಯ್ಯಲೇಬೇಕಾಗಿ ಬಂದರೆ ಆ ಹಣ್ಣನ್ನು ಡಬ್ಬಿಗೆ ಹಾಕದೆ ಅದೇ ದಿನ ಜಾಮ್ ಮಾಡುವವರಿಗೆ ಕೊಡುವುದು ಮೇಲು.

ಹಣ್ಣನ್ನು ಹಿಡಿದು ಎಳೆಯಬಾರದು. ತೊಟ್ಟನ್ನು ಹೆಬ್ಬೆರಳಿನ ಉಗುರು ಮತ್ತು ತೋರುಬೆರಳಿನ ನಡುವೆ ಚಿವುಟಿ, ಟೊಪ್ಪಿಗೆಯ ಜೊತೆಗೆ ಸುಮಾರು ಒಂದು ಸೆಂಟಿಮೀಟರ್ ತೊಟ್ಟು ಉಳಿಯುವಂತೆ ತೆಗೆಯಬೇಕು. ಟೊಪ್ಪಿಗೆ ಕಿತ್ತು ಬಂದ ಹಣ್ಣಿನ ನೆತ್ತಿಯಲ್ಲಿ ಗಾಯವಿರುತ್ತದೆ. ಅಂಥದನ್ನು ಮನೆಗೆ ಇಟ್ಟುಕೊಳ್ಳಿ, ಮಾರಬೇಡಿ. ಕೊಯ್ದ ಹಣ್ಣನ್ನು ಬುಟ್ಟಿಯಿಂದ ಬುಟ್ಟಿಗೆ, ಬುಟ್ಟಿಯಿಂದ ಡಬ್ಬಿಗೆ ಸುರಿಯುವುದನ್ನು ಬಿಟ್ಟು, ಮಾರುವ ಡಬ್ಬಿಗೇ ನೇರವಾಗಿ ಕೊಯ್ಯಿರಿ. ಡಬ್ಬಿಗೆ ಗಾಳಿಯ ತೂತುಗಳಿರಬೇಕು. ಒಂದರ ಮೇಲೊಂದು ಎರಡು ಪದರಕ್ಕಿಂತ ಹೆಚ್ಚು ಬೇಡ.

ಕೊಳೆತ ಹಣ್ಣನ್ನು ಮುಟ್ಟಿದ ಕೈ ಒಳ್ಳೆಯ ಹಣ್ಣನ್ನು ಮುಟ್ಟಬಾರದು. ಸಾಲಿನಲ್ಲಿ ಮುಂದೆ ಒಬ್ಬರು ಕೊಳೆತದ್ದನ್ನು ಮಾತ್ರ ಬೇರೆ ಬಕೆಟ್ಟಿಗೆ ಆರಿಸುತ್ತ ಹೋಗಲಿ, ಹಿಂದೆ ಇನ್ನೊಬ್ಬರು ಒಳ್ಳೆಯದನ್ನು ಕೊಯ್ಯಲಿ. ಆ ಬಕೆಟ್ಟನ್ನು ಬದುವಿನ ಮೇಲೆ ಸುರಿಯದೆ ದೂರದಲ್ಲಿ ಗುಂಡಿ ತೋಡಿ ಮುಚ್ಚಬೇಕು. ಸಾಲಿನಲ್ಲೇ ಬಿಟ್ಟ ಒಂದು ಕೊಳೆತ ಹಣ್ಣು ಮುಂದಿನ ವಾರದ ಹೂಗಳಿಗೆಲ್ಲ ಬೀಜಕಣಗಳನ್ನು ತೂರುತ್ತದೆ. ಹಣ್ಣು ಮಣ್ಣಿಗೆ ತಾಗದಂತೆ ಹುಲ್ಲಿನ ಅಥವಾ ಪ್ಲಾಸ್ಟಿಕ್ ಹಾಳೆಯ ಹೊದಿಕೆ ಹಾಕುವುದೂ, ನೀರನ್ನು ಮೇಲಿನಿಂದ ಚಿಮುಕಿಸದೆ ಹನಿ ನೀರಾವರಿಯಿಂದ ಬೇರಿಗೆ ಕೊಡುವುದೂ ಇದೇ ಉದ್ದೇಶಕ್ಕಾಗಿ.

ಇಲ್ಲಿ ಹತ್ತಿರದ ಬೆಳೆಗಾರರಿಗೆ ಒಂದು ಅನುಕೂಲವಿದೆ. ಸ್ಟ್ರಾಬೆರಿ ಗಿಡದಿಂದ ಬೇರೆಯಾದ ಮೇಲೆ ಬಣ್ಣ ಏರಬಹುದು, ಆದರೆ ಸಿಹಿ ಏರುವುದಿಲ್ಲ. ಏಳು ನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಕಳುಹಿಸುವವರು ಮುಕ್ಕಾಲು ಕೆಂಪಾದಾಗಲೇ ಕೊಯ್ಯಬೇಕಾಗುತ್ತದೆ. ನೀವು ಪೂರ್ಣ ಕೆಂಪಾದ ಹಣ್ಣನ್ನು ಕೊಯ್ದು ಮಧ್ಯಾಹ್ನದೊಳಗೆ ವಿಜಯನಗರಕ್ಕೆ ಮುಟ್ಟಿಸಬಲ್ಲಿರಿ. ಆದರೆ ಪೂರ್ಣ ಮಾಗಿದ ಹಣ್ಣು ಹೆಚ್ಚು ಮೆದು, ಬೂಷ್ಟಿಗೂ ಹೆಚ್ಚು ರುಚಿ. ಗಳಿಸಿದ ಸಮಯವನ್ನು ಬಿಸಿಲಿನಲ್ಲಿ ಕಳೆದರೆ ಆ ಅನುಕೂಲ ಅಲ್ಲಿಗೇ ಮುಗಿಯಿತು.

ತೋಟದಲ್ಲಿ ತೊಳೆಯಬೇಡಿ

ಈ ಮಾತಿಗೆ ಹಲವರು ಒಪ್ಪುವುದಿಲ್ಲ. ಧೂಳು, ಮಣ್ಣು ಇರುವ ಹಣ್ಣನ್ನು ಗಿರಾಕಿ ಮುಟ್ಟುವುದಿಲ್ಲ, ತೊಳೆದರೆ ಹೊಳೆಯುತ್ತದೆ ಎಂಬುದು ಅವರ ವಾದ. ನಾನು ಹೇಳುವುದಿಷ್ಟು: ಮಣ್ಣಾದ ಹಣ್ಣು ಹೊದಿಕೆಯ ದೋಷ, ಅದನ್ನು ತೊಟ್ಟಿಯ ನೀರಿನಿಂದ ತಿದ್ದಲಾಗದು. ಒಂದು ಬಕೆಟ್ ನೀರಿನಲ್ಲಿ ಐದು ಕಿಲೋ ಹಣ್ಣು ಅದ್ದಿದರೆ ಒಂದು ಹಣ್ಣಿನ ಬೀಜಕಣ ಎಲ್ಲ ಹಣ್ಣಿಗೂ ಹಂಚಿಕೆಯಾಗುತ್ತದೆ. ಸ್ಟ್ರಾಬೆರಿಗೆ ಮಾವಿನಂತೆ ಗಟ್ಟಿ ಸಿಪ್ಪೆಯಿಲ್ಲ. ಮೈ ತುಂಬ ಬೀಜದ ಕುಳಿಗಳು, ಮೇಲೆ ಟೊಪ್ಪಿಗೆ. ಅಲ್ಲಿ ನಿಂತ ನೀರು ಡಬ್ಬಿಯೊಳಗೆ ದಿನವಿಡೀ ಆರುವುದಿಲ್ಲ. ಮಾರುವಾಗ ಹೊಳಪು ಬರಲೆಂದು ಡಬ್ಬಿಯ ಮೇಲೆ ನೀರು ಚಿಮುಕಿಸುವುದಂತೂ ಕೂಡದು.

"ಹಾಗಾದರೆ ಸಿಂಪಡಿಸಿದ ಔಷಧಿ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಔಷಧಿಯ ಚೀಟಿಯಲ್ಲಿ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂದು ಬರೆದಿರುತ್ತದೆ. ಸ್ಟ್ರಾಬೆರಿಯನ್ನು ದಿನ ಬಿಟ್ಟು ದಿನ ಕೊಯ್ಯುವುದರಿಂದ, ಹಣ್ಣು ಬರತೊಡಗಿದ ಮೇಲೆ ಅಷ್ಟು ದಿನ ಬಿಡುವುದು ಕಷ್ಟ. ಆದ್ದರಿಂದ ಬೂಷ್ಟಿನ ಹತೋಟಿ ಹೂವಿನ ಕಾಲದಲ್ಲೇ ಮುಗಿದಿರಬೇಕು. ಕೊಯ್ಲಿನ ನಡುವೆ ಸಿಂಪಡಿಸಿ, ನಂತರ ತೊಳೆದು ಮಾರುತ್ತೇವೆ ಎನ್ನುವುದು ಪರಿಹಾರವಲ್ಲ. ತಿನ್ನುವವರು ಹೇಗೂ ತಿನ್ನುವ ಮುನ್ನ ಹರಿಯುವ ನೀರಿನಲ್ಲಿ ತೊಳೆಯಬೇಕು.

ಮನೆಯಲ್ಲಿ: ಮೊದಲು ಆರಿಸಿ, ತಿನ್ನುವಾಗ ತೊಳೆಯಿರಿ

ಡಬ್ಬಿ ಮನೆಗೆ ಬಂದೊಡನೆ ಹಾಗೆಯೇ ಫ್ರಿಜ್ಜಿಗೆ ತಳ್ಳಬಾರದು. ತೆರೆದು ಒಂದು ತಟ್ಟೆಯ ಮೇಲೆ ಮೆಲ್ಲಗೆ ಹರಡಿ. ಬೂಷ್ಟು ಕಂಡದ್ದನ್ನು ಎಸೆಯಿರಿ. ಕೆಟ್ಟ ಭಾಗವನ್ನು ಕತ್ತರಿಸಿ ಉಳಿದುದನ್ನು ತಿನ್ನುವುದು ಸರಿಯಲ್ಲ, ಮೆದು ಹಣ್ಣಿನಲ್ಲಿ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಹೋಗಿರುತ್ತವೆ. ಜಜ್ಜಿದ್ದು, ಮೆತ್ತಗಾದದ್ದು, ಟೊಪ್ಪಿಗೆ ಇಲ್ಲದ್ದು ಇವನ್ನು ಬೇರೆ ಮಾಡಿ, ತೊಳೆದು ಅಂದೇ ತಿನ್ನಿರಿ. ಗಟ್ಟಿಯಾದವುಗಳನ್ನು ಮಾತ್ರ ಇಡಬೇಕು.

ಇಡುವುದಕ್ಕೆ ಅಗಲವಾದ ಸ್ಟೀಲ್ ಡಬ್ಬಿ ಉತ್ತಮ. ತಳಕ್ಕೆ ಒಗೆದು ಒಣಗಿಸಿದ ಹತ್ತಿ ಬಟ್ಟೆ ಹಾಸಿ, ಹಣ್ಣುಗಳನ್ನು ತೊಳೆಯದೆ, ಟೊಪ್ಪಿಗೆ ಕೀಳದೆ, ಒಂದೇ ಪದರದಲ್ಲಿ ಒಂದಕ್ಕೊಂದು ತಗುಲದಂತೆ ಜೋಡಿಸಿ. ಬಟ್ಟೆಯ ಬದಲು ಹಳೆಯ ವೃತ್ತಪತ್ರಿಕೆ ಬೇಡ, ಅದರ ಶಾಯಿ ಆಹಾರಕ್ಕೆ ತಾಗಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ಎಚ್ಚರಿಸಿದೆ. ಮುಚ್ಚಳವನ್ನು ಬಿಗಿಯಾಗಿ ಒತ್ತದೆ ಸ್ವಲ್ಪ ಸಂದು ಬಿಟ್ಟು ಇಡಿ. ಬಿಸಿ ಹಣ್ಣನ್ನು ಬಿಗಿಯಾಗಿ ಮುಚ್ಚಿದರೆ ಅದರ ಆವಿ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟಿ ಹಣ್ಣಿನ ಮೇಲೇ ತೊಟ್ಟಿಕ್ಕುತ್ತದೆ. ಫ್ರಿಜ್ಜಿನ ಬಾಗಿಲಿನ ಗೂಡು ಪ್ರತಿ ಸಲ ತೆರೆದಾಗ ಬಿಸಿಯಾಗುವುದರಿಂದ ಅಲ್ಲಿ ಇಡಬೇಡಿ. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಐಸ್ ಕಟ್ಟುವ ಗೂಡಿಗೆ ತಾಗಿಸಿ ಇಟ್ಟರೆ ಹಣ್ಣು ಹೆಪ್ಪುಗಟ್ಟಿ ಕರಗಿದಾಗ ಮುದ್ದೆಯಾಗುತ್ತದೆ. ನಡುವಿನ ಗೂಡೇ ಸರಿ. ದಿನಕ್ಕೊಮ್ಮೆ ನೋಡಿ, ಕೆಟ್ಟದ್ದನ್ನು ತೆಗೆಯಿರಿ.

ತೆಗೆದದ್ದನ್ನು ಮೇಜಿನ ಮೇಲೆ ಇಟ್ಟು, ಅರ್ಧ ಗಂಟೆಯ ನಂತರ ಉಳಿದುದನ್ನು ಮತ್ತೆ ಒಳಗಿಡುವ ಅಭ್ಯಾಸವೇ ಬಹಳ ಮನೆಗಳಲ್ಲಿ ಹಣ್ಣನ್ನು ಕೆಡಿಸುವುದು. ತಣ್ಣಗಿನ ಹಣ್ಣು ಹೊರಗಿನ ಗಾಳಿಗೆ ಬಂದಾಗ ಬೆವರುತ್ತದೆ. ಆ ಬೆವರಿನೊಡನೆ ಮರಳಿ ಒಳಗೆ ಹೋದರೆ ತೊಳೆದು ಇಟ್ಟಂತೆಯೇ. ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆದು, ಡಬ್ಬಿಯನ್ನು ಒಳಗೇ ಬಿಡಿ.

ವಿನಿಗರ್ ನೀರಿನಲ್ಲಿ ತೊಳೆದು ಇಟ್ಟರೆ ಹೆಚ್ಚು ದಿನ ಬರುತ್ತದೆಂದು ಹಲವರು ಹೇಳುತ್ತಾರೆ. ಒಂದು ಭಾಗ ಬಿಳಿ ವಿನಿಗರ್‌ಗೆ ಮೂರು ಭಾಗ ನೀರು ಬೆರೆಸಿ, ಒಂದೆರಡು ನಿಮಿಷ ಅದ್ದಿ, ಒಳ್ಳೆಯ ನೀರಿನಲ್ಲಿ ಜಾಲಾಡುವುದು ರೂಢಿ. ಮೇಲಿರುವ ಬೀಜಕಣಗಳು ಇದರಿಂದ ಕಡಿಮೆಯಾಗುತ್ತವೆ, ಹೂವಿನಿಂದಲೇ ಒಳಗೆ ಕುಳಿತ ಬೂಷ್ಟಿಗೆ ಇದು ಮುಟ್ಟುವುದಿಲ್ಲ. ಇನ್ನೊಂದು ವಿಧಾನ ಬಿಸಿನೀರಿನದು. ಅಮೆರಿಕದ ಪಾಕವಿಜ್ಞಾನ ಲೇಖಕ ಹೆರಾಲ್ಡ್ ಮೆಕ್‌ಗೀ 2009ರಲ್ಲಿ ಇದನ್ನು ಮನೆಮಂದಿಗೆ ಪರಿಚಯಿಸಿದರು: ಸುಮಾರು 52 ಡಿಗ್ರಿ ನೀರಿನಲ್ಲಿ ಸ್ಟ್ರಾಬೆರಿಯನ್ನು 30 ಸೆಕೆಂಡು ಅದ್ದಿ ತೆಗೆಯುವುದು. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. ಎರಡು ಲೋಟ ಕುದಿವ ನೀರಿಗೆ ಮೂರು ಲೋಟ ನಲ್ಲಿ ನೀರು ಬೆರೆಸಿದರೆ ಹೆಚ್ಚುಕಡಿಮೆ ಆ ಬಿಸಿಗೆ ಬರುತ್ತದೆ. ಆದರೂ ಉಷ್ಣಮಾಪಕ ಇಲ್ಲದೆ ಮಾಡಬೇಡಿ, ಬಿಸಿ ಹೆಚ್ಚಾದರೆ ಹಣ್ಣು ಬೇಯುತ್ತದೆ. ಎರಡು ವಿಧಾನಗಳಿಗೂ ಒಂದೇ ಷರತ್ತು: ಆಮೇಲೆ ಹತ್ತಿ ಬಟ್ಟೆಯ ಮೇಲೆ ಹರಡಿ, ಫ್ಯಾನಿನ ಕೆಳಗೆ, ಟೊಪ್ಪಿಗೆಯ ಅಡಿಯೂ ಆರುವವರೆಗೆ ಒಣಗಿಸಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ತೊಳೆಯದೆ ಇಡುವುದೇ ಲೇಸು. ಮಾರುವ ಹಣ್ಣಿಗೆ ಬೆಳೆಗಾರರು ಇವೆರಡನ್ನೂ ಮಾಡುವುದು ಬೇಡ.

ಒಂದು ಡಬ್ಬಿಯ ದಾರಿ

ಮೇಲಿನದೆಲ್ಲ ಒಂದು ದಿನದ ಕೆಲಸದಲ್ಲಿ ಹೇಗೆ ಕೂಡುತ್ತದೆಂದು ನೋಡೋಣ. ತಾವರೆಕೆರೆಯ ಬಳಿ ಒಬ್ಬರು ಶನಿವಾರ ಮೂವತ್ತು ಡಬ್ಬಿ, ಅಂದರೆ ಆರು ಕಿಲೋ ಕೊಯ್ಯುತ್ತಾರೆಂದು ಇಟ್ಟುಕೊಳ್ಳಿ. ಎಂಟು ಗಂಟೆಗೆ ಟೊಪ್ಪಿಗೆ ಆರಿದೆ. ಇಬ್ಬರು ಸೇರಿ ಒಂಬತ್ತೂವರೆಗೆ ಮುಗಿಸುತ್ತಾರೆ. ಪ್ರತಿ ಹತ್ತು ಡಬ್ಬಿ ತುಂಬಿದ ಕೂಡಲೇ ಅದು ಹೊಲದಲ್ಲಿ ನಿಲ್ಲದೆ ಮನೆಗೆ ಹೋಗುತ್ತದೆ. ಆರು ಕಿಲೋ ಹಣ್ಣಿಗೆ ಶೀತಗೃಹ ಬೇಕಿಲ್ಲ, ಮನೆಯ ಫ್ರಿಜ್ಜಿನ ಎರಡು ಗೂಡು ಖಾಲಿ ಮಾಡಿದರೆ ಸಾಕು. ಡಬ್ಬಿಗಳ ನಡುವೆ ಬೆರಳಗಲ ಜಾಗ ಬಿಟ್ಟು ಇಟ್ಟರೆ ತಂಪು ಬೇಗ ಒಳಹೋಗುತ್ತದೆ. ಕೊಯ್ದ ಒಂದು ಗಂಟೆಯೊಳಗೆ ತಂಪಿಗೆ ಸೇರಿಸುವುದು ಗುರಿ. ಸಾಗಿಸುವಾಗ ಥರ್ಮೋಕೋಲ್ ಪೆಟ್ಟಿಗೆ ಇರಲಿ, ಪೆಟ್ಟಿಗೆಯಲ್ಲಿ ಐಸ್ ಇಡುವುದಾದರೆ ಸೀಲು ಮಾಡಿದ ಬಾಟಲಿಯಲ್ಲಿ ಇಡಿ, ಕರಗಿದ ನೀರು ಹಣ್ಣಿಗೆ ತಾಗಬಾರದು. ಒಮ್ಮೆ ತಣಿದ ಹಣ್ಣು ದಾರಿಯಲ್ಲಿ ಬಿಸಿಯಾದರೆ ಬೆವರುತ್ತದೆ ಎಂಬುದನ್ನು ಮರೆಯಬಾರದು. ಮಧ್ಯಾಹ್ನ ಒಂದಕ್ಕೆ ವಿಜಯನಗರದ ಮನೆಯ ಫ್ರಿಜ್ಜಿಗೆ ಆ ಡಬ್ಬಿ ಸೇರಿದರೆ, ಹಣ್ಣು ಬಿಸಿಯಲ್ಲಿ ಕಳೆದದ್ದು ಹೆಚ್ಚೆಂದರೆ ಎರಡು ಗಂಟೆ. ಅದನ್ನು ನಾಲ್ಕೈದು ದಿನ ನೆಮ್ಮದಿಯಾಗಿ ತಿನ್ನಬಹುದು.

ಅದೇ ಡಬ್ಬಿಯನ್ನು ಇಬ್ಬನಿಯಲ್ಲೇ ಕೊಯ್ದು, ಬದುವಿನ ಮೇಲೆ ಹತ್ತು ಗಂಟೆಯವರೆಗೆ ಇಟ್ಟು, ಮೇಲೆ ದೊಡ್ಡ ಹಣ್ಣು ಕೆಳಗೆ ಜಜ್ಜಿದ್ದು ತುಂಬಿ, ಸ್ಕೂಟರಿನ ಹಿಂದೆ ಕಟ್ಟಿ ಸಂಜೆಯವರೆಗೆ ಮಾರಿದರೆ ಏನಾಗುತ್ತದೆ? ಮಾಗಿಯ ಮಧ್ಯಾಹ್ನವೂ ಇಲ್ಲಿ 27-28 ಡಿಗ್ರಿ ಇರುತ್ತದೆ. ಜಜ್ಜಿದ ಹಣ್ಣಿಗೆ ರೈಜೋಪಸ್ ಅಂದೇ ಹತ್ತುತ್ತದೆ, ಒಳಗಿದ್ದ ಬೂದು ಬೂಷ್ಟು ಹುರುಪಿನಿಂದ ಏಳುತ್ತದೆ. ಸಂಜೆ ಅದನ್ನು ಎಷ್ಟೇ ಒಳ್ಳೆಯ ಫ್ರಿಜ್ಜಿಗೆ ಇಟ್ಟರೂ ಸೋಮವಾರದ ಹೊತ್ತಿಗೆ ತಳದಲ್ಲಿ ರಸ ಕಾಣುತ್ತದೆ. ಆ ಮನೆಯವರು ಮುಂದಿನ ಶನಿವಾರ ನಿಮ್ಮ ಕೈಯಿಂದ ಕೊಳ್ಳುವುದಿಲ್ಲ. ಮೂವತ್ತೇ ಮನೆಗಳಿಗೆ ಮಾರುವವರಿಗೆ ಹತ್ತು ಮನೆ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ.

ಇತರ ಬೆರಿಗಳು

ಹಿಪ್ಪುನೇರಳೆ ಹಣ್ಣು ರೇಷ್ಮೆ ಸೊಪ್ಪಿನ ತೋಟವಿರುವವರಿಗೆ ತಿಳಿದದ್ದೇ. ಅದು ಸ್ಟ್ರಾಬೆರಿಗಿಂತ ಮೆದು, ಫ್ರಿಜ್ಜಿನಲ್ಲೂ ಒಂದೆರಡು ದಿನಕ್ಕಿಂತ ಹೆಚ್ಚು ನಂಬಬಾರದು. ಉಳಿಸಬೇಕಾದರೆ ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ ಐಸ್ ಗೂಡಿನಲ್ಲಿ ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಿ ಅಲ್ಲಿಯೇ ಇಡಿ. ಅಂಗಡಿಯಲ್ಲಿ ಸಿಗುವ ಬ್ಲೂಬೆರಿಯ ಮೇಲಿನ ಬೂದಿಯಂತಹ ಪುಡಿ ಬೂಷ್ಟಲ್ಲ, ದ್ರಾಕ್ಷಿಗೆ ಇರುವಂತಹ ಮೇಣ. ಅದನ್ನು ಉಜ್ಜದೆ ಹಾಗೆಯೇ ಇಟ್ಟರೆ ಹೆಚ್ಚು ದಿನ ಬರುತ್ತದೆ.

ಫ್ರಿಜ್ಜಿನಲ್ಲಿ ಡಬ್ಬಿಯೊಂದು ಪೂರ್ತಿ ಬೂಷ್ಟು ಹಿಡಿದಿದ್ದರೆ ಅದನ್ನು ಒಳಗೇ ತೆರೆದು ಮೂಸಿ ನೋಡಬೇಡಿ, ಬೀಜಕಣಗಳು ಹೊಗೆಯಂತೆ ಏಳುತ್ತವೆ. ಇದ್ದ ಹಾಗೆಯೇ ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ ಆ ಗೂಡನ್ನು ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ.

ಕೊನೆಗೆ ಬೆಳೆಗಾರರಿಗೆ ನನ್ನದೊಂದು ಸಲಹೆ. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ. ಅದರಲ್ಲಿ ಕೊಯ್ದ ದಿನ ಮತ್ತು ಗಂಟೆ, ಅದರ ಕೆಳಗೆ "ತೊಳೆದಿಲ್ಲ. ಇಡುವ ಮುನ್ನ ತೊಳೆಯಬೇಡಿ, ತಿನ್ನುವ ಮುನ್ನ ತೊಳೆಯಿರಿ" ಎಂದು ಬರೆಯಿರಿ. ಕೊಯ್ದ ಗಂಟೆಯನ್ನು ನಿಜವಾಗಿ ಬರೆಯುವ ಧೈರ್ಯವಿರುವವರ ಹಣ್ಣಿಗೆ ಬೂಷ್ಟು ಬಂದರೆ ಆ ದೋಷ ಯಾರದೆಂದು ಕೇಳುವ ಹಕ್ಕು ಅವರಿಗಿರುತ್ತದೆ. ಬರೆಯಲು ಹಿಂಜರಿಯುವವರು ತಮ್ಮ ಕೊಯ್ಲಿನ ಹೊತ್ತನ್ನೇ ಮೊದಲು ಬದಲಿಸಬೇಕಾಗುತ್ತದೆ.